ಪದಚರ್ಚೆ: ಕ್ಯಾಪ್ನೋಗ್ರಾಫ್ ಗೆರೆಯ ‘ಪ್ಲೇಟೊ’ಗೆ ಏನನ್ನೋಣ? ಶುಕ್ರವಾರ ಅಚ್ಚಿಗೆ

ಶಶಿಕಲಾ, ಮಂಡ್ಯ:
ನಮಸ್ಕಾರ. ಒಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಗೋಡೆಗೆ ಹಾಕುವ ಪೋಸ್ಟರನ್ನು ಕನ್ನಡಕ್ಕೆ ತರುತ್ತಿದ್ದೇನೆ. ರೋಗಿಯ ಗಂಟಲಿಗೆ ಟ್ಯೂಬ್ ಇಳಿಸಿದ ಮೇಲೆ ಮಾನಿಟರಿನಲ್ಲಿ ಇಂಗಾಲದ ಡೈಆಕ್ಸೈಡ್‌ನ ಗೆರೆ ಓಡುತ್ತದಲ್ಲ, ಅದನ್ನು ಓದುವುದು ಹೇಗೆ ಎಂದು ನರ್ಸ್‌ಗಳಿಗೆ, ಆಂಬ್ಯುಲೆನ್ಸ್ ಸಿಬ್ಬಂದಿಗೆ ತಿಳಿಸುವ ಪೋಸ್ಟರ್. ನಾಲ್ಕು ಪದ ಬೇಕು. ಸದ್ಯಕ್ಕೆ ನಾನು ಹಾಕಿಕೊಂಡಿರುವುದು: ಗೆರೆ ಮೇಲೇಳುವ ಭಾಗಕ್ಕೆ ‘ಉಚ್ಛ್ವಾಸದ ಏರು’, ಮೇಲಿನ ಪ್ಲೇಟೊಗೆ ‘ಸಪಾಟು’, ಅಲೆಯೇ ಇಲ್ಲದಿದ್ದರೆ ‘ಸಪಾಟು ಗೆರೆ’, ಶಾರ್ಕ್ ಫಿನ್‌ಗೆ ‘ಶಾರ್ಕ್ ರೆಕ್ಕೆ’. ಶುಕ್ರವಾರ ಪ್ರೆಸ್‌ಗೆ ಕೊಡಬೇಕು, ದಯವಿಟ್ಟು ನೋಡಿ.

ರಂಗಸ್ವಾಮಿ, ಮೈಸೂರು:
ಮೊದಲು ತಲೆಬರಹ ಸರಿಮಾಡಿ. ಕ್ಯಾಪ್ನೋ ಎಂಬುದು ಗ್ರೀಕಿನ ‘ಕಪ್ನೋಸ್’, ಅಂದರೆ ಹೊಗೆ. ಕನ್ನಡದಲ್ಲಿ ‘ಹೊಗೆಗೆರೆ’ ಎಂದರೆ ಮುಗಿಯಿತು. ಎರಡೇ ಪದ, ಎರಡೂ ನಮ್ಮವು. ಪ್ಲೇಟೊ ‘ಮಟ್ಟಸ’. ಟ್ಯೂಬ್ ಯಾಕೆ? ‘ಕೊಳವೆ’ ಇಲ್ಲವೇ?

ಡಾ. ಸುಧಾ, ಮೈಸೂರು:
ರಂಗಸ್ವಾಮಿ ಸರ್, ಐಸಿಯು ಗೋಡೆಯ ಮೇಲೆ ಹೊಗೆ ಎಂದು ಬರೆದರೆ ರೋಗಿಯ ಕಡೆಯವರು ಬಾಗಿಲಿಗೆ ಓಡುತ್ತಾರೆ. ಬೇಡ.

ಶಶಿಕಲಾ ಅವರೇ, ನಿಮ್ಮ ಪಟ್ಟಿಯಲ್ಲಿ ಎರಡು ಅಪಾಯ ಇದೆ. ಗೆರೆ ಮೇಲೇಳುವುದು ಉಸಿರು ಹೊರಗೆ ಬರುವಾಗ. ನಮ್ಮ ಶಾಲೆಯ ಪಠ್ಯದಲ್ಲಿ ಉಚ್ಛ್ವಾಸ ಎಂದರೆ ಒಳಗೆಳೆದುಕೊಳ್ಳುವುದು, ಹಾಗಾಗಿ ನಿಮ್ಮ ಲೇಬಲ್ ತಿರುವುಮುರುವಾಗಿದೆ. ಹೊರಬಿಡುವ ಉಸಿರಿನ ಮೊದಲ ಪಾಲು ಟ್ಯೂಬ್, ಗಂಟಲಿನಲ್ಲಿ ಸುಮ್ಮನೆ ನಿಂತಿದ್ದ ಗಾಳಿ, ಅದರಲ್ಲಿ ಈ ಅನಿಲ ಇರುವುದಿಲ್ಲ, ಗೆರೆ ಸೊನ್ನೆಯಲ್ಲೇ ಇರುತ್ತದೆ. ಶ್ವಾಸಕೋಶದ ಒಳಗಿನ ಗಾಳಿ ಬೆರೆಯತೊಡಗಿದಾಗ ನೆಟ್ಟಗೆ ಏಳುತ್ತದೆ. ಆಮೇಲೆ ಬರುವುದೆಲ್ಲ ಆಳದ ಗಾಳಿಯೇ, ಆದ್ದರಿಂದ ಗೆರೆ ಹೆಚ್ಚುಕಡಿಮೆ ಮಟ್ಟವಾಗಿ ಸಾಗುತ್ತದೆ. ಅದರ ಕೊನೆಯ ತುದಿಯನ್ನೇ ಮಾನಿಟರ್ ಅಂಕಿಯಾಗಿ ತೋರಿಸುವುದು, ಆರೋಗ್ಯವಂತರಲ್ಲಿ 35ರಿಂದ 45 ಮಿ.ಮೀ. ಪಾದರಸ. ಉಸಿರು ಒಳಗೆಳೆದ ಕೂಡಲೇ ಗೆರೆ ಸೊನ್ನೆಗೆ ಬೀಳುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಅಲೆಯ ತಲೆಯ ಮೇಲಿನ ಸಪಾಟು ಒಳ್ಳೆಯ ಲಕ್ಷಣ. ಬುಡದಲ್ಲಿ ಮಲಗಿದ ಸಪಾಟು ಗೆರೆ, ಟ್ಯೂಬ್ ಅನ್ನನಾಳಕ್ಕೆ ಹೋಗಿದೆ ಎಂಬ ಸೂಚನೆ ಇರಬಹುದು. ಎರಡಕ್ಕೂ ಒಂದೇ ಪದ ಕೊಟ್ಟರೆ, ರಾತ್ರಿ ಪಾಳಿಯಲ್ಲಿ ಯಾರೋ ‘ಮೇಡಂ, ಸಪಾಟು ಬಂತು’ ಎಂದು ಕೂಗಿದಾಗ ನಾನು ಏನೆಂದು ತಿಳಿಯಲಿ?

ಮಹದೇವು, ಮದ್ದೂರು:
ನಾನು ಆಂಬ್ಯುಲೆನ್ಸ್‌ನಲ್ಲಿ ಕೆಲಸ ಮಾಡೋನು. ನಮಗೆ ಇಷ್ಟು ಪದ ಬೇಕಿಲ್ಲ. ಅಲೆ ಬಂತಾ, ಟ್ಯೂಬ್ ಸರಿ. ಅಲೆ ಬರಲಿಲ್ವಾ, ತಪ್ಪು. ಹೃದಯ ನಿಂತಿದ್ರೆ ಮಾತ್ರ ಗೆರೆ ಮಲಗಿರುತ್ತೆ, ಅದಕ್ಕೆ ತಲೆ ಕೆಡಿಸ್ಕೊಬಾರದು. ಪೋಸ್ಟರ್‌ನಲ್ಲಿ ಇಷ್ಟು ಹಾಕಿ ಸಾಕು.

ಪುಟ್ಟರಾಜು, ನಂಜನಗೂಡು:
ಇದು ಬೆರಳಿಗೆ ಸಿಕ್ಕಿಸ್ತಾರಲ್ಲ ಆ ಮಶೀನ್ ತಾನೆ? ನಮ್ಮವ್ವನಿಗೆ ಉಬ್ಬಸ. ಆಸ್ಪತ್ರೆಲಿ ಅದರಲ್ಲಿ 96 ಇತ್ತು, ಆದ್ರೂ ಅವ್ವ ಒದ್ದಾಡ್ತಿದ್ರು. ‘ಉಸಿರು ಒಳಕ್ಕೆ ಹೋಯ್ತದೆ, ಹೊರಕ್ಕೆ ಬರಕಿಲ್ಲ’ ಅಂತ ಹೇಳೋರು. ನಿಮ್ಮ ಪದ ಆ ಕಷ್ಟನ ಹೇಳಬೇಕು.

ಡಾ. ಸುಧಾ, ಮೈಸೂರು:
ಪುಟ್ಟರಾಜು ಅವರೇ, ಅದು ಬೇರೆ ಯಂತ್ರ, ರಕ್ತದ ಆಮ್ಲಜನಕ ನೋಡುವುದು. ಮೊದಲೇ ಚೆನ್ನಾಗಿ ಆಮ್ಲಜನಕ ಕೊಟ್ಟಿದ್ದರೆ ಟ್ಯೂಬ್ ತಪ್ಪಿದರೂ ಆ ಅಂಕಿ ಕೆಲವು ನಿಮಿಷ ಇಳಿಯದೇ ಇರಬಹುದು. ಈ ಗೆರೆ ಕೆಲವೇ ಉಸಿರಿನಲ್ಲಿ ಹೇಳಿಬಿಡುತ್ತದೆ. ನಿಮ್ಮ ತಾಯಿಯವರ ಮಾತಿಗೆ ಆಮೇಲೆ ಬರುತ್ತೇನೆ, ಅದು ಬಹಳ ಸರಿಯಾದ ಮಾತು.

ಮಹದೇವು, ‘ಅಲೆ ಬಂತಾ’ ಎಂಬುದು ಅರ್ಧ ಸರಿ. ಟ್ಯೂಬ್ ಹಾಕುವ ಮುಂಚೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತಿರುತ್ತೀರಿ. ಆಗ ಉಸಿರಿನ ಗಾಳಿ ಸ್ವಲ್ಪ ಹೊಟ್ಟೆಗೂ ಹೋಗಿರುತ್ತದೆ. ಟ್ಯೂಬ್ ಅನ್ನನಾಳಕ್ಕೆ ಇಳಿದಿದೆ ಎಂದುಕೊಳ್ಳಿ. ಮೊದಲ ಉಸಿರಿಗೆ ಅಲೆ 25ಕ್ಕೆ ಏಳಬಹುದು, ಮುಂದಿನದು 12, ಅದರ ಮುಂದಿನದು 5, ಆಮೇಲೆ ಏನೂ ಇಲ್ಲ. ಮೊದಲ ಅಲೆ ನೋಡಿ ಟ್ಯೂಬ್ ಕಟ್ಟಿ ಗಾಡಿ ಹೊರಡಿಸಿದರೆ ಕಥೆ ಮುಗಿಯಿತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕನಿಷ್ಠ ಏಳು ಉಸಿರು ಎಣಿಸಲು ಹೇಳುತ್ತದೆ. ಏಳೂ ಅಲೆ ಕುಗ್ಗದೆ ಬರಬೇಕು, ಬುಡದಿಂದ 7.5 ಮಿ.ಮೀ. ಪಾದರಸಕ್ಕಿಂತ ಎತ್ತರ ಇರಬೇಕು.

ಹೃದಯ ನಿಂತಿದ್ದರೆ ಗೆರೆ ಮಲಗಿರುತ್ತದೆ ಎಂಬ ನಂಬಿಕೆಯಿಂದಲೇ ಅನ್ನನಾಳದ ಟ್ಯೂಬ್‌ಗಳು ಹಾಗೇ ಉಳಿದುಬಿಡುವುದು. ಎದೆ ಒತ್ತುತ್ತಿರುವಾಗ ಸ್ವಲ್ಪ ರಕ್ತ ಶ್ವಾಸಕೋಶಕ್ಕೆ ಹರಿದೇ ಹರಿಯುತ್ತದೆ, ಸಾಮಾನ್ಯವಾಗಿ ಗಿಡ್ಡ ಅಲೆಯಾದರೂ ಕಾಣುತ್ತದೆ. ಪೂರ್ತಿ ಮಲಗಿದ್ದರೆ ಟ್ಯೂಬ್ ತಪ್ಪಿದೆ ಎಂದೇ ಹಿಡಿದು ಪರೀಕ್ಷಿಸಬೇಕು. ಉಸಿರಿನ ಗಾಳಿಯನ್ನು ಮಾನಿಟರಿಗೆ ಒಯ್ಯುವ ಸ್ಯಾಂಪಲ್ ಲೈನ್ ಕಳಚಿಕೊಂಡಿದೆಯೇ ಎಂದು ನೋಡುವುದು ಸರಿ, ಅದರ ನೆಪದಲ್ಲಿ ಕಾಯುವುದು ಸರಿಯಲ್ಲ.

ಇನ್ನೊಂದು: ಟ್ಯೂಬ್ ಆಳಕ್ಕೆ ಜಾರಿ ಬಲ ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗುತ್ತಿದ್ದರೂ ಅಲೆ ಚೆನ್ನಾಗೇ ಕಾಣಬಹುದು. ಅದಕ್ಕೇ ಪೋಸ್ಟರ್‌ನಲ್ಲಿ ‘ಟ್ಯೂಬ್ ಸರಿ’ ಎಂದು ಬರೆಯಬೇಡಿ. ‘ಟ್ಯೂಬ್ ಶ್ವಾಸದ ದಾರಿಯಲ್ಲಿದೆ’ ಎನ್ನಿ. ಎರಡೂ ಕಡೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದು ತಪ್ಪುವುದಿಲ್ಲ.

ಮಹದೇವು, ಮದ್ದೂರು:
ಏಳು ಎಣಿಸೋದು ಒಪ್ಪಿದೆ. ಆದ್ರೆ ಗಾಡಿ ಕುಲುಕಾಟದಲ್ಲಿ ‘ಶ್ವಾಸನಾಳ’, ‘ಅನ್ನನಾಳ’ ಎರಡೂ ಒಂದೇ ಥರ ಕೇಳ್ಸುತ್ತೆ. ‘ಹೊಟ್ಟೆಗೆ ಹೋಗಿದೆ’ ಅಂತ ಹಾಕಿ. ನಾವು ಹೇಳೋದೇ ಹಾಗೆ.

ರಂಗಸ್ವಾಮಿ, ಮೈಸೂರು:
ಉಚ್ಛ್ವಾಸ, ನಿಶ್ವಾಸ ಎರಡೂ ತೆಗೆಯಿರಿ. ಸಂಸ್ಕೃತದಲ್ಲೇ ಅವುಗಳ ಅರ್ಥ ಒಂದು ಕಡೆ ನಿಂತಿಲ್ಲ, ಉಚ್ಛ್ವಾಸ ಎಂದರೆ ಹೊರಬಿಡುವುದು ಎಂಬ ಅರ್ಥವೂ ಇದೆ. ‘ಒಳಉಸಿರು’, ‘ಹೊರಉಸಿರು’. ಇದರಲ್ಲಿ ಯಾರಿಗೂ ಗೊಂದಲವಿಲ್ಲ. ಕೊಳವೆಯ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಡಾ. ಸುಧಾ, ಮೈಸೂರು:
ಹೊರಉಸಿರು ಒಪ್ಪಿದೆ, ಅದೇ ಇರಲಿ.

ಇನ್ನು ಶಾರ್ಕ್ ರೆಕ್ಕೆ. ಪುಟ್ಟರಾಜು ಅವರ ತಾಯಿ ಹೇಳಿದ್ದೇ ಅದು. ಉಬ್ಬಸದಲ್ಲಿ ಸಣ್ಣ ನಾಳಗಳು ಬಿಗಿದಿರುತ್ತವೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಬೇಗ ಖಾಲಿಯಾಗುವ ಭಾಗದ ಗಾಳಿ ಮೊದಲು ಬರುತ್ತದೆ. ಬಿಗಿದ ಭಾಗದ ಗಾಳಿಯಲ್ಲಿ ಅನಿಲ ಹೆಚ್ಚು, ಅದು ತಡವಾಗಿ ಬರುತ್ತದೆ. ಹಾಗಾಗಿ ಗೆರೆ ನೆಟ್ಟಗೆ ಎದ್ದು ಮಟ್ಟವಾಗುವ ಬದಲು ಓರೆಯಾಗಿ ಏರುತ್ತಲೇ ಹೋಗಿ, ಒಳಉಸಿರಿಗೆ ಥಟ್ಟನೆ ಬೀಳುತ್ತದೆ. ನಮ್ಮ ಕಡೆ ಗೋಡೆಗೆ ಒರಗಿಸಿ ಇಳಿಸುವ ಒಪ್ಪಾರದ ಆಕಾರ. ಔಷಧ ಕೊಟ್ಟು ನಾಳ ಸಡಿಲವಾದರೆ ಓರೆ ಕಡಿಮೆಯಾಗಿ ತಲೆ ಮತ್ತೆ ಮಟ್ಟಕ್ಕೆ ಬರುತ್ತದೆ.

ಆದರೆ ‘ಉಬ್ಬಸದ ಅಲೆ’ ಎಂದು ಬರೆಯಬೇಡಿ. ಟ್ಯೂಬ್ ಮಡಿಚಿಕೊಂಡರೂ, ರೋಗಿ ಕಚ್ಚಿದರೂ, ಕಫ ಕಟ್ಟಿದರೂ ಇದೇ ಓರೆ ಬರುತ್ತದೆ. ಮೊದಲು ಬಾಯಿಯ ಹತ್ತಿರ ಟ್ಯೂಬ್ ನೋಡಿ, ಸಕ್ಷನ್ ಪೈಪ್ ಒಳಗೆ ಸಲೀಸಾಗಿ ಇಳಿಯುತ್ತದೆಯೇ ನೋಡಿ, ಆಮೇಲೆ ಔಷಧ. ಪದ ಆಕಾರವನ್ನು ಹೇಳಲಿ, ರೋಗವನ್ನಲ್ಲ.

ಪುಟ್ಟರಾಜು, ನಂಜನಗೂಡು:
ಒಪ್ಪಾರ ಚೆನ್ನಾಗದೆ. ಆದ್ರೆ ಈಗಿನ ಹುಡುಗೀರಿಗೆ ಗೊತ್ತಿರತದಾ?

ಶಶಿಕಲಾ, ಮಂಡ್ಯ:
ಇಲ್ಲಿನ ಇಬ್ಬರು ನರ್ಸ್‌ಗಳನ್ನು ಕೇಳಿದೆ. ಒಬ್ಬರಿಗೆ ಗೊತ್ತಿತ್ತು, ಕೇರಳದವರಿಗೆ ಗೊತ್ತಿರಲಿಲ್ಲ. ಚಿತ್ರದ ಕೆಳಗೆ ‘ಓರೆ ಅಲೆ’ ಎಂದು ಹಾಕುತ್ತೇನೆ. ಏಳುವ ಭಾಗ ‘ಹೊರಉಸಿರಿನ ಏರು’, ಪ್ಲೇಟೊ ‘ಅಲೆಯ ಮಟ್ಟ’, ಮಲಗಿದ್ದಕ್ಕೆ ‘ಅಲೆ ಇಲ್ಲ’, ಕುಗ್ಗುವುದಕ್ಕೆ ‘ಸಾಯುವ ಅಲೆ’. ಟ್ಯೂಬ್ ಟ್ಯೂಬ್ ಆಗಿಯೇ ಇರುತ್ತದೆ, ಕ್ಷಮಿಸಿ ರಂಗಸ್ವಾಮಿ ಸರ್.

ಡಾ. ಸುಧಾ, ಮೈಸೂರು:
‘ಸಾಯುವ’ ಬೇಡ, ಮಂಚದಿಂದ ರೋಗಿಗೂ ಕಾಣುತ್ತದೆ. ‘ಕುಗ್ಗುವ ಅಲೆ’.

ರಂಗಸ್ವಾಮಿ, ಮೈಸೂರು:
ಕೊಳವೆಬಾವಿ ಎನ್ನಲು ಬರುವ ನಾಲಿಗೆಗೆ ಕೊಳವೆ ಎನ್ನಲು ಬರುವುದಿಲ್ಲವೇ? ಎರವಲು ಪದಗಳು ಹೀಗೇ ಒಂದೊಂದಾಗಿ ಹೊಕ್ಕಿ ಮನೆಯ ಪದಗಳನ್ನು ಹೊರಗಟ್ಟಿರುವುದು. ನಾನು ಒಪ್ಪುವುದಿಲ್ಲ.

ಮಹದೇವು, ಮದ್ದೂರು:
ಸರ್, ಗಾಡಿಲಿ ‘ಕೊಳವೆ ಕೊಡು’ ಅಂದ್ರೆ ಹುಡುಗ ಯಾವ ಕೊಳವೆ ಅಂತ ಕೇಳ್ತಾನೆ. ಡ್ರಿಪ್‌ದೂ ಕೊಳವೆ, ಆಕ್ಸಿಜನ್‌ದೂ ಕೊಳವೆ. ಟ್ಯೂಬ್ ಅಂದ್ರೆ ನಮಗೆ ಅದೊಂದೇ.