ಸ್ಟ್ರೀಟ್ ಫೈಟರ್ 6: ಎದುರಾಳಿ ಹಾರಿ ಬಂದಾಗ ಶೋರ್ಯುಕೆನ್ ತಡವಾಗುತ್ತಿದೆ, ಏನು ಮಾಡಲಿ?

ಕುಶಾಲನಗರ_ಪ್ಯಾಡ್
ಪಿಎಸ್5, ರ್ಯು, ಮಾಡರ್ನ್ ಕಂಟ್ರೋಲ್. ಉದ್ದನೆಯ ಕಾಂಬೊ ಬಾಯಿಪಾಠ ಮಾಡುವ ಮನಸ್ಸಿಲ್ಲ, ಮೂಲ ಆಟ ಗಟ್ಟಿಯಾಗಬೇಕು. ಹಡೊಕೆನ್ ಬಿಟ್ಟರೆ ಎದುರಾಳಿ ಅದರ ಮೇಲಿಂದ ಹಾರಿ ಬಂದು ಒದೆಯುತ್ತಾನೆ. ಮುಂದಕ್ಕೆ ಒತ್ತಿ ತ್ರಿಕೋನ ಬಟನ್ ಒತ್ತಿದರೆ ಶೋರ್ಯುಕೆನ್ ಬರಬೇಕಲ್ಲ, ಅರ್ಧ ಸಲ ತಡವಾಗುತ್ತೆ, ಉಳಿದರ್ಧ ಇನ್ನೊಂದು ಹಡೊಕೆನ್ನೇ ಹೋಗುತ್ತೆ. ಟ್ರೈನಿಂಗ್‌ನಲ್ಲಿ ಮಾತ್ರ ಹತ್ತಕ್ಕೆ ಹತ್ತು ಸರಿ. ಹಾಲ್‌ನಲ್ಲಿರುವ ಟಿವಿ, ವೈಫೈ.

ವಿರಾಜಪೇಟೆ_ಆರ್ಕೇಡ್
ಮಾಡರ್ನ್ ಬಿಡಿ, ಕ್ಲಾಸಿಕ್‌ಗೆ ಬನ್ನಿ. ಒಂದೇ ಬಟನ್‌ನಲ್ಲಿ ಸ್ಪೆಷಲ್ ಬಿಟ್ಟರೆ ಡ್ಯಾಮೇಜ್ 20% ಕಡಿಮೆ. ಕ್ಲಾಸಿಕ್‌ನಲ್ಲಿ ಕೂತು ಹೆವಿ ಪಂಚ್ ಹೊಡೆದರೂ ಹಾರಿ ಬಂದವನು ಬೀಳ್ತಾನೆ.

ಕಾವೇರಿತೀರ
ಡ್ಯಾಮೇಜ್ ವಿಷಯ ನಿಜ ಅಣ್ಣ, ಆದರೆ ಇವರ ತೊಂದರೆ ಅದಲ್ಲ. ಕಂಟ್ರೋಲ್ ಬದಲಿಸಿದರೆ ತಡ ಇನ್ನೂ ಹೆಚ್ಚುತ್ತದೆ.

ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಒಂದು ಜಿಗಿತ ಸುಮಾರು 45 ಫ್ರೇಮ್, ಅಂದರೆ ಮುಕ್ಕಾಲು ಸೆಕೆಂಡ್. ಒದೆ ತಗಲುವುದು ಅದಕ್ಕೂ ಮೊದಲೇ. ಹಡೊಕೆನ್ ಬಿಟ್ಟ ಮೇಲೆ ರ್ಯು ಮತ್ತೆ ಕೈ ಆಡಿಸಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಹಾಗಾಗಿ ನೀವು ಬಿಡುವ ಕ್ಷಣದಲ್ಲೇ ಅವನು ಹಾರಿದರೆ ಎಂಥ ಚುರುಕು ಕೈಯಿದ್ದರೂ ಶೋರ್ಯುಕೆನ್ ಸಿಗುವುದಿಲ್ಲ. ಅಲ್ಲಿ ತಪ್ಪಿದ್ದು ಕೈಯಲ್ಲ, ಬಿಟ್ಟ ಜಾಗ.

ಮೊದಲು ಆ ಜಾಗ ಅಳೆಯಿರಿ. ಟ್ರೈನಿಂಗ್‌ನಲ್ಲಿ ಡಮ್ಮಿಗೆ ಮುಂದಕ್ಕೆ ಹಾರಿ ಒದೆಯುವುದನ್ನು ರೆಕಾರ್ಡ್ ಮಾಡಿ, ನೀವು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ ಹೋಗಿ. ಒದೆ ತಗಲದೆ ಮುಂದೆ ಬೀಳುವ ಜಾಗವನ್ನು ನೆಲದ ಗೆರೆ ನೋಡಿ ಗುರುತಿಟ್ಟುಕೊಳ್ಳಿ. ಆ ಗೆರೆಯ ಹೊರಗೆ ಹಡೊಕೆನ್ ಬಿಡಬಹುದು. ಒಳಗೆ ಬಂದಮೇಲೆ ಕಡಿಮೆ ಬಿಡಿ, ಬಿಡುವ ಹೊತ್ತೂ ಬದಲಾಗುತ್ತಿರಲಿ. ಒಂದೇ ತಾಳದಲ್ಲಿ ಬಿಟ್ಟರೆ ಅವನು ನೋಡಿ ಹಾರಬೇಕಿಲ್ಲ, ಲೆಕ್ಕ ಹಾಕಿಯೇ ಹಾರುತ್ತಾನೆ.

ಇನ್ನೊಂದು ಹಡೊಕೆನ್ ಹೋಗುವ ಕಾರಣ ಸರಳ. ಮಾಡರ್ನ್‌ನಲ್ಲಿ ದಿಕ್ಕು ಒತ್ತದೆ ತ್ರಿಕೋನ ಒತ್ತಿದರೆ ಹಡೊಕೆನ್ನೇ. ಗಾಬರಿಯಲ್ಲಿ ಬಟನ್ ಮೊದಲು, ದಿಕ್ಕು ಆಮೇಲೆ ಆಗುತ್ತಿದೆ. ಇನ್‌ಪುಟ್ ಡಿಸ್‌ಪ್ಲೇ ಹಾಕಿಕೊಂಡು ನೋಡಿ, ತ್ರಿಕೋನದ ಸಾಲಿನಲ್ಲಿ ಮುಂದಿನ ಬಾಣ ಇರುವುದಿಲ್ಲ. ಮುಂದಕ್ಕೆ ಒತ್ತಿ ಹಿಡಿದೇ ಬಟನ್ ಒತ್ತಿ.

ಗೋಣಿಕೊಪ್ಪ_ಮಳೆ
ನನಗೂ ಹೀಗೇ, ಆದರೆ ಟೆಕ್ಕನ್ 8. ಜುಲೈ ಬಂತೆಂದರೆ ಕರೆಂಟ್ ಹೋಗಿ ಬಂದು ರೂಟರ್ ರೀಸ್ಟಾರ್ಟ್ ಆಗ್ತಾನೇ ಇರುತ್ತೆ. ರೂಟರ್‌ಗೆ ಚಿಕ್ಕ ಯುಪಿಎಸ್ ಇಡಿ.

ಕಾವೇರಿತೀರ
ಯುಪಿಎಸ್ ಇದ್ದರೆ ಲೈನ್ ಕಡಿಯುವುದಿಲ್ಲ ಅಷ್ಟೇ, ವೈಫೈ ಎಳೆದಾಟ ಹೋಗುವುದಿಲ್ಲ. ಈ ಆಟದ ನೆಟ್‌ಕೋಡ್ ರೋಲ್‌ಬ್ಯಾಕ್. ಎದುರಾಳಿಯ ಬಟನ್ ಸುದ್ದಿ ತಡವಾಗಿ ಬಂದರೆ ಆಟ ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳುತ್ತದೆ. ನಿಮ್ಮ ಪರದೆಯಲ್ಲಿ ಅವನು ನೆಲ ಬಿಡುವುದೇ ಕಾಣುವುದಿಲ್ಲ, ನೋಡುವಷ್ಟರಲ್ಲಿ ಗಾಳಿಯಲ್ಲಿರುತ್ತಾನೆ. ರೂಟರ್‌ನಿಂದ ಪಿಎಸ್5ಗೆ ಲ್ಯಾನ್ ಕೇಬಲ್ ಎಳೆಯಿರಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೂ 6 ಫ್ರೇಮ್ ಹೋಯಿತು.

ಕುಶಾಲನಗರ_ಪ್ಯಾಡ್
ಗೇಮ್ ಮೋಡ್ ಹಾಕಿದೆ, ವ್ಯತ್ಯಾಸ ಗೊತ್ತಾಗುತ್ತೆ. ಬಟನ್ ಮೊದಲು ಒತ್ತುತ್ತಿದ್ದದ್ದೂ ನಿಜ. ಆದರೆ ಟ್ರೈನಿಂಗ್‌ನಲ್ಲಿ ಯಾಕೆ ಯಾವಾಗಲೂ ಸರಿ ಬರುತ್ತಿತ್ತು?

ಕಾವೇರಿತೀರ
ಡಮ್ಮಿ ಹಾರುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ, ಅದಕ್ಕೆ. ಮೂರು ಸ್ಲಾಟ್ ರೆಕಾರ್ಡ್ ಮಾಡಿ: ಹಾರಿ ಒದೆಯುವುದು, ಎರಡು ಹೆಜ್ಜೆ ನಡೆದು ನಿಲ್ಲುವುದು, ಹಡೊಕೆನ್. ಮೂರನ್ನೂ ಆನ್ ಮಾಡಿದರೆ ಯಾವುದು ಬರುತ್ತದೆಂದು ತಿಳಿಯುವುದಿಲ್ಲ. ಹಾರಿದರೆ ಶೋರ್ಯುಕೆನ್, ಹಡೊಕೆನ್ ಬಂದರೆ ಬ್ಲಾಕ್, ನಡೆದು ಬಂದರೆ ಸುಮ್ಮನಿರಿ. ನಡೆದು ಬಂದಾಗಲೂ ಶೋರ್ಯುಕೆನ್ ಹೋದರೆ ಅದು ನೋಡಿ ಹೊಡೆದದ್ದಲ್ಲ, ಊಹೆ. ಕಣ್ಣು ರ್ಯು ಮೇಲಲ್ಲ, ಎದುರಾಳಿಯ ತಲೆಯ ಮೇಲಿರಲಿ.

ಕುಶಾಲನಗರ_ಪ್ಯಾಡ್
ಮಾಡಿದೆ. ಹಾರಿದ 10ರಲ್ಲಿ 5 ಸಿಕ್ಕಿತು. ಸುಮ್ಮನಿರಬೇಕಾದಲ್ಲಿ 3 ಸಲ ಶೋರ್ಯುಕೆನ್ ಹೋಯಿತು. ತಲೆಯ ಮೇಲಿಂದ ದಾಟಿ ಹಿಂದೆ ಬಿದ್ದರೆ ಏನೂ ಸಿಗುತ್ತಿಲ್ಲ.

ಕಾವೇರಿತೀರ
ದಾಟುವ ಜಿಗಿತದಲ್ಲಿ "ಮುಂದಕ್ಕೆ" ಯಾವ ಕಡೆ ಅನ್ನುವುದೇ ಬದಲಾಗುತ್ತದೆ. ಸದ್ಯಕ್ಕೆ ಅದಕ್ಕೆ ಶೋರ್ಯುಕೆನ್ ಬೇಡ, ಬ್ಲಾಕ್ ಮಾಡಿ. ನಿಮಗೆ ಅಷ್ಟು ಹತ್ತಿರ ಇದ್ದಾಗ ಮಾತ್ರ ಅವನು ಹಾಗೆ ದಾಟಬಲ್ಲ, ಅಲ್ಲಿ ಹಡೊಕೆನ್ ಬಿಡಲೇಬೇಡಿ. ಆ 3 ಸೊನ್ನೆಗೆ ಇಳಿಯುವವರೆಗೆ 5 ಹೆಚ್ಚಿಸಲು ಹೋಗಬೇಡಿ.

ವಿರಾಜಪೇಟೆ_ಆರ್ಕೇಡ್
ಒಪ್ಪಿದೆ. ಆದರೂ ಬೆರಳಿಗೆ ಶೋರ್ಯುಕೆನ್ ಮೋಷನ್ ಈಗಲೇ ಕಲಿಸಬೇಕು ಅಂತಲೇ ನನ್ನ ವಾದ. ಮಾಡರ್ನ್‌ನಲ್ಲೂ ಮೋಷನ್ ಹಾಕಿ ಬಿಟ್ಟರೆ ಡ್ಯಾಮೇಜ್ ಪೂರ್ತಿ ಸಿಗುತ್ತೆ.

ಕಾವೇರಿತೀರ
ಸಿಗುತ್ತದೆ. ಮೊದಲು ಹಾರಿದ್ದು ಕಣ್ಣಿಗೆ ಬೀಳಲಿ ಅನ್ನುತ್ತೇನೆ, ಇಲ್ಲಿ ನಮ್ಮಿಬ್ಬರ ಮಾತು ಕೂಡುವುದಿಲ್ಲ.

ಕುಶಾಲನಗರ_ಪ್ಯಾಡ್
ರೂಟರ್ ಮೇಲಿನ ಕೋಣೆಯಲ್ಲಿದೆ. ಸುಮಾರು 20 ಮೀಟರ್ ಕೇಬಲ್ ಬೇಕು, ಒಂದಷ್ಟು ದೂರ ಹೊರಗೋಡೆ ಮೇಲೆ ಮಳೆಗೆ ನೆನೆಯುತ್ತೆ. ಅಂಥ ಕಡೆಗೆ ಯಾವ ಕೇಬಲ್ ಹಾಕಬೇಕು ಯಾರಾದರೂ ಹೇಳಿ.