ರಾತ್ರಿ ಎಂಟೂವರೆಯ ಮಸಾಲೆ ಟೀ: ಮನೆಯವರ ಗುಂಪಿನಲ್ಲಿ ಒಂದು ಚರ್ಚೆ

ಚಿಕ್ಕಮ್ಮ (ಸಾಗರ): ಫಾರ್ವರ್ಡ್ ಬಂದಿದೆ, ಎಲ್ಲರೂ ಓದಿ. "ಶುಂಠಿ, ಏಲಕ್ಕಿ ಹಾಕಿ ಕುದಿಸಿದರೆ ಟೀಯಲ್ಲಿರುವ ಕೆಫೀನ್ ಸತ್ತು ಹೋಗುತ್ತದೆ. ಮಸಾಲೆ ಟೀಯನ್ನು ಮಲಗುವ ಮುಂಚೆಯೂ ಕುಡಿಯಬಹುದು. ಅಸಿಡಿಟಿ ಹತ್ತಿರ ಸುಳಿಯುವುದಿಲ್ಲ. ಸಕ್ಕರೆ ಬದಲು ಬೆಲ್ಲ ಹಾಕಿ, ಶುಗರ್ ಚಿಂತೆಯೂ ಇಲ್ಲ."

ದೊಡ್ಡಪ್ಪ: ನೋಡಿದಿರಾ? ನಾನು ಹೇಳುತ್ತಿದ್ದದ್ದೂ ಇದೇ. ಊಟ ಮುಗಿಸಿ ಎಂಟೂವರೆಗೆ ಒಂದು ಲೋಟ ಕುಡಿದರೆ ಹೊಟ್ಟೆ ಹಗುರ ಆಗುತ್ತದೆ.

ಕಿರಣ: ಅಪ್ಪ, ದಿನಾ ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಕೂರುತ್ತೀರಿ. ಎದೆ ಉರಿ ಅಂತ ಗುಳಿಗೆ ನುಂಗುತ್ತೀರಿ. ನಾಳೆಯಿಂದ ಟೀ ಪೂರ್ತಿ ಬಂದ್. ಅಮ್ಮನಿಗೂ ಹೇಳಿದ್ದೇನೆ.

ದೊಡ್ಡಪ್ಪ: ನೀನು ಬೆಂಗಳೂರಲ್ಲಿ ಕೂತು ಇಲ್ಲಿಯ ಟೀ ಬಂದ್ ಮಾಡಿಸಬೇಡ. ಎಪ್ಪತ್ತೊಂದು ವರ್ಷಕ್ಕೆ ಎಲ್ಲರ ನಿದ್ರೆಯೂ ಹೀಗೇ. ಸುಮಾ, ನೀನು ಆಸ್ಪತ್ರೆಯಲ್ಲಿ ಆಹಾರ ಸಲಹೆ ಕೊಡುವವಳು. ಈ ಸಂದೇಶ ಸರಿ ಇದೆಯೋ ಇಲ್ಲವೋ ಹೇಳಮ್ಮ.

ಸುಮಾ: ದೊಡ್ಡಪ್ಪ, ಸರಿ ಇಲ್ಲ. ಕುದಿಯುವ ನೀರಿನ ಬಿಸಿಗೆ ಕೆಫೀನ್ ಹಾಳಾಗುವುದಿಲ್ಲ. ಶುಂಠಿ, ಏಲಕ್ಕಿಗಳು ಅದನ್ನು ಹಿಡಿದಿಡುವುದೂ ಇಲ್ಲ. ಟೀ ಪುಡಿಯಿಂದ ನೀರಿಗೆ ಇಳಿದದ್ದು ಅಷ್ಟೂ ಲೋಟದಲ್ಲೇ ಇರುತ್ತದೆ. ಮಸಾಲೆ ಟೀಯಲ್ಲಿ ಕೆಫೀನ್ ಕಡಿಮೆ ಆಗುವುದು ಒಂದೇ ಒಂದು ರೀತಿಯಲ್ಲಿ: ಪುಡಿ ಕಡಿಮೆ ಹಾಕಿದಾಗ.

ಚಿಕ್ಕಮ್ಮ: ಹಾಗಾದರೆ ಶುಂಠಿಯಿಂದ ಏನೂ ಉಪಯೋಗ ಇಲ್ಲವೇನೇ? ಅತ್ತೆ ಅಜೀರ್ಣಕ್ಕೆ ಅದನ್ನೇ ಕೊಡುತ್ತಿದ್ದರು.

ಸುಮಾ: ಇದೆ ಚಿಕ್ಕಮ್ಮ. ಶುಂಠಿ ಹೊಟ್ಟೆಯಲ್ಲಿರುವುದನ್ನು ಸ್ವಲ್ಪ ಬೇಗ ಮುಂದಕ್ಕೆ ಸಾಗಿಸುತ್ತದೆ. ಓಕರಿಕೆಯನ್ನೂ ತಗ್ಗಿಸುತ್ತದೆ. ದೊಡ್ಡಪ್ಪನಿಗೆ ಹಗುರ ಅನ್ನಿಸುವುದು ಸುಳ್ಳಲ್ಲ. ಆದರೆ ಅತ್ತೆ ಕೊಟ್ಟಿದ್ದು ಟೀ ಪುಡಿ ಇಲ್ಲದ ಶುಂಠಿ ನೀರು ಅಲ್ವಾ?

ದೊಡ್ಡಪ್ಪ: ಲೆಕ್ಕ ನನಗೂ ಬರುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಪತ್ರಿಕೆಯಲ್ಲಿ ಬಂದಿತ್ತು. ಒಂದು ಕಪ್ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್, ದಿನಕ್ಕೆ 300 ದಾಟಬಾರದು ಅಂತ. ನನ್ನದು ನಾಲ್ಕು ಲೋಟ. ಒಂದಕ್ಕೆ 50 ಅಂದರೂ 200. ಮಿತಿಯ ಒಳಗೇ ಇದ್ದೇನೆ.

ಸುಮಾ: ಅಂಕಿ ಸರಿಯಾಗಿದೆ ದೊಡ್ಡಪ್ಪ. ಆದರೆ 300 ಎನ್ನುವುದು ಇಡೀ ದಿನದ ಮೊತ್ತ. ಮಲಗುವ ಹೊತ್ತಿಗೆ ಮೈಯಲ್ಲಿ ಎಷ್ಟು ಉಳಿದಿರುತ್ತದೆ ಎನ್ನುವುದು ಬೇರೆ ಲೆಕ್ಕ. ನಿದ್ರೆಗೆ ಬೇಕಾದದ್ದು ಅದು. ನೀವು ಯಾವ ಯಾವ ಹೊತ್ತಿಗೆ ಕುಡಿಯುತ್ತೀರಿ?

ದೊಡ್ಡಮ್ಮ: ನಾನು ಹೇಳುತ್ತೇನೆ, ಮಾಡಿಕೊಡುವವಳು ನಾನೇ. ಬೆಳಿಗ್ಗೆ ಆರಕ್ಕೆ ಒಂದು. ಹತ್ತೂವರೆಗೆ ಒಂದು. ಸಂಜೆ ನಾಲ್ಕೂವರೆಗೆ ಒಂದು. ರಾತ್ರಿ ಎಂಟೂವರೆಗೆ ಒಂದು. ಮಲಗುವುದು ಹತ್ತೂವರೆಗೆ.

ಸುಮಾ: ಸರಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಉಳಿದದ್ದರಲ್ಲಿ ಅರ್ಧ ಕರಗಲು ಮತ್ತೆ ಐದು ಗಂಟೆ. ಕೆಲವರಿಗೆ ಬೇಗ, ಕೆಲವರಿಗೆ ಇದರ ಎರಡರಷ್ಟು ಹೊತ್ತು. ನಾವು ಐದನ್ನೇ ಇಟ್ಟುಕೊಳ್ಳೋಣ. ಒಂದು ಲೋಟಕ್ಕೆ ನೀವು ಹೇಳಿದ 50 ಮಿಲಿಗ್ರಾಂ.

ಹತ್ತೂವರೆಗೆ ನೀವು ದಿಂಬಿಗೆ ತಲೆ ಕೊಟ್ಟಾಗ ರಾತ್ರಿಯ ಟೀಯಲ್ಲಿ ಸುಮಾರು 38 ಇನ್ನೂ ಇದೆ. ಸಂಜೆಯದರಲ್ಲಿ 22. ಹತ್ತೂವರೆಯದರಲ್ಲಿ 9 ಚಿಲ್ಲರೆ. ಬೆಳಗಿನದರಲ್ಲೂ 5 ಉಳಿದಿದೆ. ಕೂಡಿಸಿ ದೊಡ್ಡಪ್ಪ.

ದೊಡ್ಡಪ್ಪ: 74.

ಸುಮಾ: ಅಂದರೆ ಒಂದೂವರೆ ಲೋಟ ಟೀ ಮೈಯಲ್ಲಿ ಇಟ್ಟುಕೊಂಡೇ ಮಲಗುತ್ತಿದ್ದೀರಿ. ರಾತ್ರಿಯದೊಂದನ್ನು ಬಿಟ್ಟರೆ 36ಕ್ಕೆ ಇಳಿಯುತ್ತದೆ. ಸಂಜೆಯದನ್ನು ಮೂರು ಗಂಟೆಗೆ ಕುಡಿದರೆ 32. ನೋಡಿ, ಸಂಜೆಯದನ್ನು ಹಿಂದಕ್ಕೆ ತಂದರೆ ಸಿಗುವ ಲಾಭ ಚಿಕ್ಕದು. ದೊಡ್ಡ ಪಾಲು ಎಂಟೂವರೆಯದೇ. ನಾನು ಜಗಳ ಆಡುತ್ತಿರುವುದು ಆ ಒಂದು ಲೋಟದ ಮೇಲೆ ಮಾತ್ರ.

ದೊಡ್ಡಪ್ಪ: ಆದರೆ ಟೀ ಕುಡಿದು ಮಲಗಿದ ಹತ್ತೇ ನಿಮಿಷಕ್ಕೆ ನನಗೆ ನಿದ್ರೆ ಹತ್ತುತ್ತದಲ್ಲ? ಕೆಫೀನ್ ಕೆಲಸ ಮಾಡುವುದಾದರೆ ನಿದ್ರೆಯೇ ಹತ್ತಬಾರದಿತ್ತು.

ಸುಮಾ: ಇದನ್ನು ತುಂಬಾ ಜನ ಕೇಳುತ್ತಾರೆ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ರೆ ಒತ್ತಿಕೊಂಡು ಬರುತ್ತದೆ. ಕೆಫೀನ್ ಆ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ನೀವು ಆರಕ್ಕೇ ಏಳುವವರು. ಹತ್ತೂವರೆ ಹೊತ್ತಿಗೆ ಒತ್ತಡ ಎಷ್ಟಿರುತ್ತದೆ ಎಂದರೆ ಕೆಫೀನ್ ಇದ್ದರೂ ಕಣ್ಣು ಮುಚ್ಚುತ್ತದೆ. ಆದರೆ ಗಾಢ ನಿದ್ರೆ ಕಡಿಮೆ ಆಗುತ್ತದೆ. ಒಂದು ನಿದ್ರೆ ಮುಗಿದು ಆ ಒತ್ತಡ ಸ್ವಲ್ಪ ಇಳಿದ ಮೇಲೆ, ಸಣ್ಣ ಸದ್ದಿಗೂ ಎಚ್ಚರ ಆಗುತ್ತದೆ. ವಯಸ್ಸಾದವರ ನಿದ್ರೆ ಮೊದಲೇ ತೆಳು. ಅದರ ಮೇಲೆ ಇದು.

ಕಿರಣ: ಅಪ್ಪ ಏಳುವುದು ಮೂತ್ರಕ್ಕೆ ಸುಮಕ್ಕ. ಅಷ್ಟು ಹೊತ್ತಿಗೆ ಏನು ಕುಡಿದರೂ ಏಳಲೇಬೇಕು. ಟೀಯೇ ಕಾರಣ ಅಂತ ಹೇಗೆ ಹೇಳುವುದು?

ಸುಮಾ: ಒಳ್ಳೆಯ ಪ್ರಶ್ನೆ. ಅದಕ್ಕೇ ಟೀ ಬಂದ್ ಮಾಡಿ ನೋಡುವುದು ಸರಿಯಾದ ಪರೀಕ್ಷೆ ಅಲ್ಲ. ನಾಲ್ಕನ್ನೂ ಒಟ್ಟಿಗೆ ನಿಲ್ಲಿಸಿದರೆ ಮಾರನೇ ದಿನವೇ ತಲೆನೋವು ಶುರುವಾಗಬಹುದು. ಎರಡು ಮೂರು ದಿನ ಸಿಡಿಮಿಡಿ ಇರುತ್ತದೆ. ದೊಡ್ಡಪ್ಪ ನಾಲ್ಕನೇ ದಿನ ಮತ್ತೆ ಪಾತ್ರೆ ಇಡಿಸುತ್ತಾರೆ.

ಹೀಗೆ ಮಾಡೋಣ. ಎಂಟೂವರೆಗೆ ಅದೇ ಲೋಟ, ಅಷ್ಟೇ ಅಳತೆ. ಅದೇ ಹಾಲು, ಶುಂಠಿ, ಏಲಕ್ಕಿ, ಸಕ್ಕರೆ. ಟೀ ಪುಡಿ ಮಾತ್ರ ಇಲ್ಲ. ಕುಡಿಯುವ ನೀರಿನ ಅಂಶ ಒಂದೇ ಆದ್ದರಿಂದ ಕಿರಣನ ಸಂಶಯಕ್ಕೂ ಉತ್ತರ ಸಿಗುತ್ತದೆ. ಎರಡು ವಾರ ಇದೇ ನಡೆಯಲಿ.

ದೊಡ್ಡಮ್ಮ: ಅದರ ಬದಲು ನಮ್ಮ ಕಷಾಯ ಮಾಡಿಕೊಡಲಾ? ಕೊತ್ತಂಬರಿ, ಜೀರಿಗೆ, ಮೆಣಸಿನ ಪುಡಿ ಡಬ್ಬಿ ತುಂಬಾ ಇದೆ. ಇವರ ಅಮ್ಮ ಇದ್ದಾಗ ರಾತ್ರಿ ಅದನ್ನೇ ಕುಡಿಯುತ್ತಿದ್ದರು.

ಸುಮಾ: ಈಗಲೇ ಬೇಡ ದೊಡ್ಡಮ್ಮ. ಕಷಾಯಕ್ಕೆ ಮೆಣಸು ಬೀಳುತ್ತದೆ. ಎದೆ ಉರಿ ಕಡಿಮೆ ಆದರೂ ಜಾಸ್ತಿ ಆದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಎರಡು ವಾರ ಕಳೆದ ಮೇಲೆ ಮಾಡಿ. ಕೆಫೀನ್ ಇಲ್ಲದ್ದು, ನನಗೂ ಇಷ್ಟ.

ಚಿಕ್ಕಮ್ಮ: ಎದೆ ಉರಿಗೆ ಹಾಲು ತಂಪು ಅನ್ನುತ್ತಾರಲ್ಲ. ಭಾವನ ಟೀಯಲ್ಲಿ ಅರ್ಧಕ್ಕೆ ಅರ್ಧ ಹಾಲೇ ಇರುತ್ತದೆ.

ಸುಮಾ: ಕುಡಿದ ಸ್ವಲ್ಪ ಹೊತ್ತು ತಂಪು ಅನ್ನಿಸುವುದು ನಿಜ. ಆಮೇಲೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಹೊಸದಾಗಿ ಆಮ್ಲ ಸುರಿಸುತ್ತವೆ. ಟೀ ಕೂಡ ಆಮ್ಲವನ್ನು ಹೆಚ್ಚಿಸುತ್ತದೆ. ಕೆಲವರಲ್ಲಿ ಕೆಫೀನ್ ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲಿಸುತ್ತದೆ. ಅದು ಸಡಿಲ ಇದ್ದಾಗ ಅಡ್ಡ ಮಲಗಿದರೆ ಆಮ್ಲ ಮೇಲಕ್ಕೆ ಬರುತ್ತದೆ. ಶುಂಠಿ ಜಾಸ್ತಿ ಆದರೂ ಕೆಲವರಿಗೆ ಉರಿಯುತ್ತದೆ. ಆದ್ದರಿಂದ ಪುಡಿ ತೆಗೆದ ಮೇಲೂ ಉರಿ ಹಾಗೇ ಇದ್ದರೆ ಮುಂದಿನ ವಾರ ಶುಂಠಿ ಅರ್ಧ ಮಾಡಿ. ಆಗಲೂ ಇದ್ದರೆ ಆ ಲೋಟವನ್ನೇ ಬಿಟ್ಟು ನೋಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದರೆ, ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ಅಸಿಡಿಟಿ ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ನುಂಗಲು ಕಷ್ಟ ಆದರೆ, ಮಲ ಕಪ್ಪಗಾದರೆ ಡಾಕ್ಟರಿಗೆ ತೋರಿಸಲು ಎರಡು ವಾರ ಕಾಯಬೇಡಿ.

ದೊಡ್ಡಪ್ಪ: ಹಾಗೆಲ್ಲ ಏನೂ ಇಲ್ಲ. ಮಲಗಿದಾಗ ಮಾತ್ರ ಉರಿಯುತ್ತದೆ.

ದೊಡ್ಡಮ್ಮ: ಪುಡಿ ಇಲ್ಲದೆ ಮಾಡಿದರೆ ಹಾಲು ಒಡೆಯುವುದಿಲ್ಲವೇ? ಒಮ್ಮೆ ಬರೀ ಹಾಲಿಗೆ ಶುಂಠಿ ತುರಿದು ಹಾಕಿದ್ದೆ. ಪೂರ್ತಿ ಒಡೆದು ಹೋಯಿತು.

ಸುಮಾ: ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಮುರಿಯುವ ಕಿಣ್ವ ಇರುತ್ತದೆ. ಹಾಲು ಬಿಸಿಯಾಗುತ್ತಾ ಬರುವಾಗ ಅದು ಚುರುಕಾಗಿ ಕೆಲಸ ಮಾಡುತ್ತದೆ. ಚೆನ್ನಾಗಿ ಕುದಿದರೆ ಸಾಯುತ್ತದೆ. ಹಾಗಾಗಿ ಅರ್ಧ ಲೋಟ ನೀರಿಗೆ ಬೆರಳ ತುದಿಯಷ್ಟು ಶುಂಠಿ ಜಜ್ಜಿ ಹಾಕಿ. ಮೂರು ನಾಲ್ಕು ನಿಮಿಷ ಮಳ್ಳಿಸಿ. ಆಮೇಲೆ ಹಾಲು ಹಾಕಿ. ಏಲಕ್ಕಿಯನ್ನು ಸಿಪ್ಪೆ ಸಮೇತ ಜಜ್ಜಿ ಇಳಿಸುವ ಮುಂಚೆ ಹಾಕಿ ಮುಚ್ಚಿಡಿ. ಮೊದಲೇ ಹಾಕಿದರೆ ಘಮ ಎಲ್ಲ ಹಬೆಯಲ್ಲಿ ಹೋಗುತ್ತದೆ.

ಚಿಕ್ಕಮ್ಮ: ಬೆಲ್ಲದ ವಿಷಯ ಬಿಟ್ಟೆಯಲ್ಲ?

ಸುಮಾ: ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ ಚಿಕ್ಕಮ್ಮ. ಶುಗರ್ ಲೆಕ್ಕಕ್ಕೆ ಎರಡೂ ಒಂದೇ. ದೊಡ್ಡಪ್ಪನ ನಾಲ್ಕು ಲೋಟಕ್ಕೆ ಎಂಟು ಚಮಚ ಬೀಳುತ್ತದೆ, ಹತ್ತಿರ ಹತ್ತಿರ 35 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಇದು ಬರೀ ಟೀಯದು. ಸಿಹಿ, ಬಿಸ್ಕೆಟ್ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ದೊಡ್ಡಮ್ಮ, ಪುಡಿ ಹಾಕಿದ ಮೇಲೆ ಎಷ್ಟು ಹೊತ್ತು ಕುದಿಸುತ್ತೀರಿ?

ದೊಡ್ಡಮ್ಮ: ಬಣ್ಣ ಬರಬೇಕಲ್ಲ. ಹಾಲು ಹಾಕಿದ ಮೇಲೂ ಮೂರು ಸಲ ಉಕ್ಕಿಸುತ್ತೇನೆ. ಏಳೆಂಟು ನಿಮಿಷ ಆಗಬಹುದು.

ಸುಮಾ: ನಮ್ಮ ಮನೆಗಳ ಟೀ ಪುಡಿ ಸಣ್ಣ ಉಂಡೆ ಉಂಡೆ. ಅದರಿಂದ ಬಣ್ಣವೂ ಕೆಫೀನೂ ಮೊದಲ ಕೆಲವು ನಿಮಿಷಗಳಲ್ಲೇ ಹೆಚ್ಚುಕಡಿಮೆ ಇಳಿದಿರುತ್ತವೆ. ಆಮೇಲೆ ಕುದಿಸಿದಷ್ಟೂ ಒಗರು, ಕಹಿ ಬರುತ್ತದೆ. ಆ ಕಹಿ ಮುಚ್ಚುವುದಕ್ಕೆ ಎರಡನೇ ಚಮಚ ಸಕ್ಕರೆ ಬೇಕಾಗುತ್ತದೆ. ಹಗಲಿನ ಟೀಗೆ ಪುಡಿಯನ್ನು ಮೂರು ನಿಮಿಷ ಮಾತ್ರ ಕುದಿಸಿ. ಒಂದು ಚಮಚ ಸಾಕಾಗುತ್ತದೋ ನೋಡಿ. ಆದರೆ ಇದನ್ನೂ ಎರಡು ವಾರ ಮುಗಿದ ಮೇಲೆಯೇ ಶುರು ಮಾಡಿ.

ದೊಡ್ಡಪ್ಪ: ಸರಿ, ಒಪ್ಪಿದೆ. ನನ್ನದೂ ಒಂದು ಷರತ್ತು. ಬೆಳಗಿನ ಟೀಯನ್ನು ಯಾರೂ ಮುಟ್ಟಬಾರದು. ಎರಡು ವಾರ ಆದ ಮೇಲೂ ನಾನು ಎರಡು ಗಂಟೆಗೆ ಏಳುತ್ತಿದ್ದರೆ ರಾತ್ರಿಯ ಟೀ ವಾಪಸ್ಸು ಬರುತ್ತದೆ.

ಸುಮಾ: ನ್ಯಾಯವಾಗಿದೆ. ಇವತ್ತಿನಿಂದ ಒಂದು ವಾರ ಈಗಿರುವ ಹಾಗೇ ಕುಡಿಯಿರಿ. ಆಮೇಲೆ ಎರಡು ವಾರ ಪುಡಿ ಇಲ್ಲದ್ದು. ಬೆಳಿಗ್ಗೆ ಎದ್ದ ಕೂಡಲೇ ಡೈರಿಯಲ್ಲಿ ಮೂರು ವಿಷಯ ಬರೆಯಿರಿ: ಎಷ್ಟು ಸಲ ಎಚ್ಚರ ಆಯಿತು, ಮತ್ತೆ ನಿದ್ರೆ ಹತ್ತಲು ಎಷ್ಟು ಹೊತ್ತು ಬೇಕಾಯಿತು, ಎದೆ ಉರಿ ಇತ್ತೋ ಇಲ್ಲವೋ. ಮೊದಲ ವಾರದ್ದು ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಕಿರಣ: ಮುಂದಿನ ತಿಂಗಳು ತೀರ್ಥಹಳ್ಳಿ ಮದುವೆ ಇದೆ. ಅಲ್ಲಿ ಸಂಜೆ ಏಳಕ್ಕೆ ಟೀ ಕೊಟ್ಟೇ ಕೊಡುತ್ತಾರೆ. ಅಪ್ಪ ಬೇಡ ಅನ್ನುವವರಲ್ಲ.

ಸುಮಾ: ಕುಡಿಯಲಿ. ಆ ರಾತ್ರಿಯ ಎದುರು "ಮದುವೆ" ಅಂತ ಬರೆದು ಲೆಕ್ಕದಿಂದ ಬಿಡಿ. ಹೊಸ ಜಾಗ, ತಡವಾದ ಊಟ, ಗಲಾಟೆ, ಎಲ್ಲ ಸೇರಿರುತ್ತದೆ.

ದೊಡ್ಡಮ್ಮ: ಡೈರಿ ತೆಗೆದಿಟ್ಟಿದ್ದೇನೆ. ಬರೆಯುವುದು ಇವರು, ಸಹಿ ಹಾಕುವುದು ನಾನು. ಎರಡು ಗಂಟೆಗೆ ಇವರು ಎದ್ದರೆ ನನಗೂ ಎಚ್ಚರ ಆಗುತ್ತದೆ.