ಪ್ರಸ್ತಾವನೆಯನ್ನು ಎಲ್ಲಿಂದ ಆರಂಭಿಸಬೇಕು?

ಸಂಶೋಧನಾ ವಿದ್ಯಾರ್ಥಿನಿ, ಚಿಕ್ಕಮಗಳೂರು: ಅರೇಬಿಕಾ ತೋಟಗಳ ನೆರಳು ಮತ್ತು ಬಿಳಿ ಕಾಂಡಕೊರಕದ ಬಾಧೆ ನನ್ನ ವಿಷಯ. ಬಾಬಾಬುಡನ್ ಕಾಲದಿಂದ ಆರಂಭಿಸಿ ನಾಲ್ಕು ಪುಟ ಬರೆದ ಪ್ರಸ್ತಾವನೆಯನ್ನು ಮಾರ್ಗದರ್ಶಕರು "ಉದ್ದೇಶ ಎಲ್ಲಿದೆ?" ಎಂದು ಕೇಳಿ ಹಿಂದಿರುಗಿಸಿದ್ದಾರೆ. ಹಿನ್ನೆಲೆಯಿಂದ ಪ್ರಾಕ್ಕಲ್ಪನೆಗೆ ಬರುವುದು ಹೇಗೆ?

ನಿವೃತ್ತ ಕೀಟಶಾಸ್ತ್ರ ಪ್ರಾಧ್ಯಾಪಕರು: ಮೊದಲು ಕೊನೆಯ ವಾಕ್ಯವನ್ನು, ಅಂದರೆ ಪ್ರಾಕ್ಕಲ್ಪನೆಯನ್ನು, ಬರೆದುಕೊಳ್ಳಿ. ಉದಾಹರಣೆಗೆ: "ನೆರಳು ಮರ ಸಿಲ್ವರ್ ಓಕ್ ಆಗಿರಲಿ, ಕಾಡುಜಾತಿಯದಾಗಿರಲಿ, ಕಾಂಡದ ಮೇಲೆ ಬೀಳುವ ಬಿಸಿಲು ಹೆಚ್ಚಿದಂತೆ ಕೊರಕ ಹತ್ತಿದ ಗಿಡಗಳ ಪ್ರಮಾಣವೂ ಹೆಚ್ಚುತ್ತದೆ." ಇದರಲ್ಲಿ ಬರುವ ಕೊರಕ, ಬಿಸಿಲು, ಮರದ ಜಾತಿ ಈ ಮೂರಕ್ಕೂ ಸಂಬಂಧಿಸದ ಪ್ಯಾರಾ ಪ್ರಸ್ತಾವನೆಯಲ್ಲಿ ಇರಬಾರದು. ಹಾಗಾಗಿ ಬಾಬಾಬುಡನ್ ಪುಟವನ್ನು ತೆಗೆಯಲೇಬೇಕಾಗುತ್ತದೆ.

ನಿಮ್ಮ ವಿಶಾಲ ಹಿನ್ನೆಲೆ ಕೊರಕದಿಂದಲೇ ಆರಂಭವಾಗಲಿ: ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುವುದರಿಂದ ಅರೇಬಿಕಾ ಗಿಡ ಹಳದಿಯಾಗಿ ಸೊರಗುತ್ತದೆ. ಮುಂದಿನ ಪ್ಯಾರಾದಲ್ಲಿ, ಕೊರಕದ ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ, ಅದಕ್ಕೆ ಬಿಸಿಲು ಬೀಳುವ ಕಾಂಡವೇ ಹೆಚ್ಚು ಇಷ್ಟ, ಆದ್ದರಿಂದ ನೆರಳಿಗೆ ಮಹತ್ವ ಎಂದು ಹೇಳಿ. ಪ್ರತಿ ಪ್ಯಾರಾದ ಕೊನೆಯ ಮಾತು ಮುಂದಿನದರ ಮೊದಲ ಮಾತಾಗಬೇಕು.

ಹೆಚ್ಚಿನವರು ಎಡವುವುದು ಇದಾದ ಮೇಲೆ. "ಈ ಬಗ್ಗೆ ನಮ್ಮ ತಾಲ್ಲೂಕಿನಲ್ಲಿ ಅಧ್ಯಯನ ನಡೆದಿಲ್ಲ" ಎಂಬುದು ಕೊರತೆಯಲ್ಲ, ಏಕೆಂದರೆ ನಡೆಯದ ಅಧ್ಯಯನಗಳು ಎಷ್ಟೋ ಇವೆ. ಯಾವ ಎರಡು ಕಾರಣಗಳು ಬೆರೆತುಕೊಂಡಿವೆ ಎಂದು ತೋರಿಸಿ: ಮರದ ಜಾತಿ ಬದಲಾದಾಗ ಬಿಸಿಲೂ ಬದಲಾಗುವುದರಿಂದ, ಬಾಧೆಯ ವ್ಯತ್ಯಾಸಕ್ಕೆ ಯಾವುದು ಕಾರಣವೆಂದು ಹೇಳಲಾಗುವುದಿಲ್ಲ. ಓದಿದ ಸಾಹಿತ್ಯ ಇದನ್ನು ಸಮರ್ಥಿಸಿದರೆ ಮಾತ್ರ ಹಾಗೆ ಬರೆಯಿರಿ. "ಆದರೆ" ಎಂದು ಆರಂಭವಾಗುವ ಆ ಒಂದು ವಾಕ್ಯವಾದ ಕೂಡಲೇ ಉದ್ದೇಶ ತಾನಾಗಿಯೇ ಬರುತ್ತದೆ: ಎರಡೂ ಬಗೆಯ ನೆರಳಿನಲ್ಲಿ ಬಿಸಿಲನ್ನು ಅಳೆದು, ಬಾಧೆಗೊಂಡ ಗಿಡಗಳನ್ನು ಎಣಿಸುವುದು.

ಉಪನ್ಯಾಸಕರು, ಹಾಸನ: ಉದ್ದೇಶ ಕೊನೆಯ ಪ್ಯಾರಾದಲ್ಲೇ ಇರಬೇಕು, ಸರಿ. ಆದರೆ ಪ್ರಾಕ್ಕಲ್ಪನೆಯನ್ನು "ಯಾವ ವ್ಯತ್ಯಾಸವೂ ಇಲ್ಲ" ಎಂದೇ ಬರೆಯಬೇಕಲ್ಲವೇ?

ನಿವೃತ್ತ ಪ್ರಾಧ್ಯಾಪಕರು: ಅದು ಅಂಕಿಅಂಶಗಳ ಪರೀಕ್ಷೆಗೆ ಬೇಕಾದ ಶೂನ್ಯ ಪ್ರಾಕ್ಕಲ್ಪನೆ ಸರ್, ವಿಶ್ಲೇಷಣೆಯ ಭಾಗದಲ್ಲಿ ಬರಲಿ. ಪ್ರಸ್ತಾವನೆಯಲ್ಲಿ ಓದುಗರು ಹುಡುಕುವುದು ನೀವು ಏನನ್ನು ನಿರೀಕ್ಷಿಸುತ್ತೀರಿ ಎಂಬುದನ್ನು. ಕೆಲವು ವಿಭಾಗಗಳು ನೀವು ಹೇಳಿದ ರೂಪವನ್ನೇ ಕೇಳುತ್ತವೆ, ಹಾಗಿದ್ದರೆ ಎರಡನ್ನೂ ಬರೆಯಬಹುದು.

ಕಾಫಿ ಬೆಳೆಗಾರರು, ಮೂಡಿಗೆರೆ: ನಾವು ತೊಗಟೆ ಉಜ್ಜಿಸಿ ಸುಣ್ಣ ಬಳಿಸಿದರೂ ಕಳೆದ ವರ್ಷ ಬೋರರ್ ಬಂತು. ಅದಕ್ಕೆ ಏನು ಮಾಡಬೇಕು?

ನಿವೃತ್ತ ಪ್ರಾಧ್ಯಾಪಕರು: ಪರಿಹಾರದ ಮಾತನ್ನು ಬೇರೆಯಾಗಿ ಕೇಳಿ, ಉತ್ತರಿಸುತ್ತೇನೆ. ಆದರೆ ನಿಮ್ಮ ಮಾತು ಈ ವಿದ್ಯಾರ್ಥಿನಿಗೂ ಮುಖ್ಯ. ತೊಗಟೆ ಉಜ್ಜಿದ ಗಿಡದಲ್ಲಿ ಮೊಟ್ಟೆಯಿಡುವ ಬಿರುಕುಗಳೇ ಕಡಿಮೆ, ಆದ್ದರಿಂದ ಅಂಥ ತೋಟವನ್ನು ಉಜ್ಜದ ತೋಟದೊಂದಿಗೆ ಹೋಲಿಸಿದರೆ ಬಿಸಿಲಿನ ಲೆಕ್ಕ ಕೆಡುತ್ತದೆ.

ವಿದ್ಯಾರ್ಥಿನಿ: ಹಾಗಾದರೆ ತೊಗಟೆ ಉಜ್ಜುವುದನ್ನೂ ಪ್ರಾಕ್ಕಲ್ಪನೆಗೆ ಸೇರಿಸಲೇ ಸರ್?

ನಿವೃತ್ತ ಪ್ರಾಧ್ಯಾಪಕರು: ನಾನಾದರೆ ಹಿನ್ನೆಲೆಯಲ್ಲಿ ಒಂದು ವಾಕ್ಯ ಹೇಳಿ, ಉಜ್ಜದ ತೋಟಗಳನ್ನಷ್ಟೇ ಆರಿಸುತ್ತಿದ್ದೆ. ಅಂಥ ತೋಟಗಳು ನಿಮಗೆ ಸಾಕಷ್ಟು ಸಿಗುತ್ತವೆಯೇ ಎಂಬುದನ್ನು ಮೊದಲು ಸುತ್ತಾಡಿ ನೋಡಬೇಕು.